ಮೂರು ಕೊಟೇಶನ್, ಒಂದು ಕಾರಣ

ಕೇಳುಗರಿಗೆ ನಮಸ್ಕಾರ.

ಮುಂಬಯಿಯ ಮುಲುಂಡ್, ಘಾಟ್‌ಕೋಪರ್, ಪಕ್ಕದ ಡೊಂಬಿವಲಿ ಕಡೆ ನಮ್ಮ ಕನ್ನಡದವರು ಎಷ್ಟೋ ಮಂದಿ ಹೌಸಿಂಗ್ ಸೊಸೈಟಿಯ ಸೆಕ್ರೆಟರಿ, ಖಜಾಂಚಿ ಆಗಿದ್ದಾರೆ. ಮಳೆಗಾಲಕ್ಕೆ ಮುಂಚೆ ಟೆರೇಸಿನ ವಾಟರ್‌ಪ್ರೂಫಿಂಗ್ ಮಾಡಿಸಬೇಕು. ಮೂರು ಕೊಟೇಶನ್ ಬಂದಿವೆ. ಕಮಿಟಿಗೆ ಸರಿ ಕಂಡವರ ರೇಟೇ ಜಾಸ್ತಿ. ಹಾಗಿದ್ದಾಗ ಏನು ಮಾಡಬೇಕು, ಏನು ಬರೆದಿಡಬೇಕು ಎಂಬುದು ಇವತ್ತಿನ ಮಾತು.

ಒಂದು ಲೆಕ್ಕ ಹಿಡಿಯೋಣ. ಟೆರೇಸು 4,000 ಚದರಡಿ. ಹಳೇ ಬ್ರಿಕ್‌ಬ್ಯಾಟ್ ಕೋಬಾ, ಅಂದರೆ ಇಟ್ಟಿಗೆ ಚೂರು ಮತ್ತು ಗಾರೆಯ ಪದರ, ಒಡೆದು ಹೊಸದು ಹಾಕಬೇಕು. ಮೊದಲನೆಯವರು ಚದರಡಿಗೆ 110 ರೂಪಾಯಿ ಬರೆದಿದ್ದಾರೆ. ಅಂದರೆ 4 ಲಕ್ಷ 40 ಸಾವಿರ. ಎರಡನೆಯವರು 5 ಲಕ್ಷ 20 ಸಾವಿರ. ಮೂರನೆಯವರು 6 ಲಕ್ಷ 37 ಸಾವಿರ. ಸಭೆಯಲ್ಲಿ ಕೊನೆಯ ಸಾಲಿನ ಈ ಅಂಕಿಗಳನ್ನಷ್ಟೇ ಓದಿದರೆ ಮೂರನೆಯವರ ಹೆಸರು ಎತ್ತುವ ಧೈರ್ಯ ಯಾರಿಗೂ ಬರುವುದಿಲ್ಲ.

ಆದರೆ ಈ ಮೂರೂ ಒಂದೇ ಕೆಲಸದ ಬೆಲೆ ಅಲ್ಲ. ಒಂದು ದೊಡ್ಡ ಹಾಳೆ ತೆಗೆದುಕೊಳ್ಳಿ. ಎಡಕ್ಕೆ ಕೆಲಸದ ಒಂದೊಂದು ಭಾಗ ಬರೆಯಿರಿ: ಹಳೇ ಕೋಬಾ ಒಡೆಯುವುದು, ಒಡೆದ ಕಲ್ಲುಮಣ್ಣು ಹೊರಗೆ ಸಾಗಿಸುವುದು, ಹೊಸ ಕೋಬಾ, ಗೋಡೆಯ ಬುಡಕ್ಕೆ ವಾಟಾ ಎಂಬ ಇಳಿಜಾರು ಗಾರೆ, ಜಿಎಸ್‌ಟಿ, ಗ್ಯಾರಂಟಿ, ಹಣ ಕೊಡುವ ಕಂತು. ಪಕ್ಕದಲ್ಲಿ ಮೂವರಿಗೂ ಒಂದೊಂದು ಕಾಲಮ್. ಖಾಲಿ ಉಳಿದ ಮನೆಗಳನ್ನು ನೀವೇ ಊಹಿಸಿ ತುಂಬಬೇಡಿ. ಮೂವರಿಗೂ ಒಂದೇ ಪ್ರಶ್ನೆ ಬರೆದು ಕಳಿಸಿ, ಬರಹದಲ್ಲೇ ಉತ್ತರ ತರಿಸಿ.

ನಮ್ಮ ಲೆಕ್ಕದಲ್ಲಿ ಮೊದಲನೆಯವರ ರೇಟಿನಲ್ಲಿ ಜಿಎಸ್‌ಟಿ ಸೇರಿಲ್ಲ. 18 ಪರ್ಸೆಂಟ್ ಎಂದರೆ 79 ಸಾವಿರ. ಸೊಸೈಟಿಗೆ ಜಿಎಸ್‌ಟಿ ನೋಂದಣಿ ಇಲ್ಲದಿದ್ದರೆ ಅದು ಪೂರ್ತಿ ನಮ್ಮ ಖರ್ಚೇ. ಅವರ ರೇಟಿನಲ್ಲಿಲ್ಲದ ಇನ್ನೆರಡು ಕೆಲಸ: ಕಲ್ಲುಮಣ್ಣು ಸಾಗಿಸಲು 30 ಸಾವಿರ, ವಾಟಾಕ್ಕೆ ತೆರಿಗೆ ಸೇರಿ 28 ಸಾವಿರ. ಒಟ್ಟು 5 ಲಕ್ಷ 77 ಸಾವಿರ ಆಯಿತು. ಮೂರನೆಯವರ ಬೆಲೆಯಲ್ಲಿ ಇವೆಲ್ಲ ಮೊದಲೇ ಸೇರಿವೆ. ಸುಮಾರು 2 ಲಕ್ಷ ಎಂದು ಕಂಡ ಅಂತರ ಈಗ 60 ಸಾವಿರಕ್ಕೆ ಇಳಿಯಿತು, ಅಲ್ವಾ?

ಎರಡನೆಯವರು ಹಳೇ ಕೋಬಾ ಒಡೆಯುವುದೇ ಇಲ್ಲ, ಅದರ ಮೇಲೆ ಇನ್ನೊಂದು ಪದರ ಹಾಕುತ್ತಾರೆ. ಕೋಬಾ ತುಂಬ ಭಾರ. ಹಳೇ ಸ್ಲ್ಯಾಬಿನ ಮೇಲೆ ಇನ್ನಷ್ಟು ಭಾರ ಹೇರುವುದು ನಾವು ಕೇಳಿದ ಕೆಲಸವೇ ಅಲ್ಲ. ಅವರನ್ನು ಹೋಲಿಕೆಯಿಂದ ಬಿಡಿ. ಯಾಕೆ ಬಿಟ್ಟಿರಿ ಎಂದೂ ಅದೇ ಹಾಳೆಯಲ್ಲಿ ಬರೆಯಿರಿ.

ಇಲ್ಲೇ ಇನ್ನೊಂದನ್ನು ನೋಡಿಕೊಳ್ಳಿ. ಜಿಎಸ್‌ಟಿ ನಂಬರಿನಲ್ಲಿ 15 ಅಕ್ಷರ-ಅಂಕಿ ಇರುತ್ತವೆ. ಮೊದಲ ಎರಡು ರಾಜ್ಯದ್ದು, ಮಹಾರಾಷ್ಟ್ರಕ್ಕೆ 27. ನಂತರದ ಹತ್ತು ಪ್ಯಾನ್ ನಂಬರು. ಎರಡು ಕೊಟೇಶನ್‌ಗಳಲ್ಲಿ ಆ ಹತ್ತೂ ಒಂದೇ ಆಗಿದ್ದರೆ, ಅಂಗಡಿಯ ಹೆಸರು ಬೇರೆ ಇದ್ದರೂ ಮಾಲೀಕ ಒಬ್ಬನೇ. ಆಗ ನಿಮ್ಮ ಕೈಯಲ್ಲಿರುವುದು ಮೂರು ಕೊಟೇಶನ್ ಅಲ್ಲ, ಎರಡು. ಹೊಸದಾಗಿ ಇನ್ನೊಂದು ತರಿಸಿ.

ಈಗ ಉಳಿದ 60 ಸಾವಿರಕ್ಕೆ ಕಾರಣ ಬೇಕು. ಮಿನಿಟ್ಸ್ ಬುಕ್ಕಿನಲ್ಲಿ ಸಾಮಾನ್ಯವಾಗಿ ಕಾಣುವುದು ‘ಕ್ವಾಲಿಟಿ ಚೆನ್ನಾಗಿದೆ, ಅನುಭವ ಇದೆ’ ಎಂಬ ಮಾತು. ನನ್ನ ಮಟ್ಟಿಗೆ ಅದು ಕಾರಣವೇ ಅಲ್ಲ. ಮುಂದಿನ ವರ್ಷ ಬರುವ ಆಡಿಟರ್ ಅದನ್ನು ಹೇಗೆ ಪರೀಕ್ಷಿಸಬೇಕು? ಬರೆದ ಕಾರಣವನ್ನು ಬೇರೆಯವರೂ ಹೋಗಿ ನೋಡಿ ತಿಳಿಯುವಂತಿರಬೇಕು. ಉದಾಹರಣೆಗೆ ಹೀಗೆ ಬರೆಯಬಹುದು:

‘ಒಂದೇ ಕೆಲಸಕ್ಕೆ ಹೊಂದಿಸಿ ನೋಡಿದಾಗ ಮೂರನೆಯವರ ಬೆಲೆ 60 ಸಾವಿರ ಜಾಸ್ತಿ. ಅವರು ಏಳು ವರ್ಷದ ಗ್ಯಾರಂಟಿ ಬರೆದುಕೊಡುತ್ತಾರೆ, ಮೊದಲನೆಯವರದು ಒಂದೇ ವರ್ಷ. ಟೆರೇಸಿನಲ್ಲಿ ಎರಡು ಇಂಚು ನೀರು 48 ಗಂಟೆ ನಿಲ್ಲಿಸಿ ತೋರಿಸಲು ಒಪ್ಪಿದ್ದಾರೆ. ಬಿಲ್ಲಿನ ಹತ್ತು ಪರ್ಸೆಂಟ್ ಮಳೆಗಾಲ ಮುಗಿಯುವವರೆಗೆ ಸೊಸೈಟಿಯ ಬಳಿಯೇ ಇರಲಿ ಎಂದಿದ್ದಾರೆ. ಮೊದಲನೆಯವರು ಈ ಎರಡಕ್ಕೂ ಒಪ್ಪಲಿಲ್ಲ. ಮೂರನೆಯವರು ಹಿಂದೆ ಕೆಲಸ ಮಾಡಿದ ಎರಡು ಕಟ್ಟಡಗಳ ಮೇಲಿನ ಮಹಡಿಯ ಮನೆಗಳನ್ನು ಕಮಿಟಿಯವರು ನೋಡಿ ಬಂದಿದ್ದಾರೆ, ಚಾವಣಿ ಒಣಗಿದೆ.’

ಇದರಲ್ಲಿ ಪ್ರತಿಯೊಂದು ಸಾಲಿಗೂ ಒಂದು ಕಾಗದ ಇದೆ, ಇಲ್ಲವೇ ಹೋಗಿ ನೋಡಬಹುದಾದ ಒಂದು ಜಾಗ ಇದೆ. ಒಬ್ಬ ಸದಸ್ಯರು ಒಪ್ಪದಿದ್ದರೆ ಅವರ ಮಾತನ್ನೂ ಬರೆಯಿರಿ, ಬಿಡಬೇಡಿ.

ಒಂದು ಎಚ್ಚರಿಕೆ. ಏಳು ವರ್ಷದ ಗ್ಯಾರಂಟಿ ಬೇಕು, ಹತ್ತು ಪರ್ಸೆಂಟ್ ತಡೆಹಿಡಿಯಬೇಕು ಎಂಬ ಷರತ್ತುಗಳನ್ನು ಕೊಟೇಶನ್ ಕೇಳುವ ಪತ್ರದಲ್ಲೇ ಹಾಕಿ. ಲಕೋಟೆ ತೆರೆದ ಮೇಲೆ ಹುಟ್ಟಿದ ಷರತ್ತು, ಬೇಕಾದವರಿಗಾಗಿ ಹುಡುಕಿದ ನೆಪದಂತೆ ಕಾಣುತ್ತದೆ. ಎಷ್ಟು ಯೋಚಿಸಿದರೂ ಹೀಗೆ ತೋರಿಸಬಹುದಾದ ಕಾರಣ ಸಿಗದಿದ್ದರೆ ಕೆಲಸವನ್ನು ಕಡಿಮೆ ಬೆಲೆಯವರಿಗೇ ಕೊಡಿ.

ಹೋಲಿಕೆಯ ಹಾಳೆ, ಮೂರೂ ಕೊಟೇಶನ್, ಬಂದ ಉತ್ತರಗಳು, ಕೆಲಸ ಸಿಗದವರ ಕಾಗದಗಳೂ ಸೇರಿ ಎಲ್ಲ ಒಂದೇ ಫೈಲಿನಲ್ಲಿರಲಿ. ಹಾಳೆಯ ಕೆಳಗೆ ಕಮಿಟಿಯವರು ತಾರೀಖು ಹಾಕಿ ಸಹಿ ಮಾಡಲಿ. ವರ್ಕ್ ಆರ್ಡರ್ ಕೊಡುವುದು ಅದಾದ ಮೇಲೆ.

ನಮಸ್ಕಾರ.