‘ಒಂದು ಬಟನ್ ಅಷ್ಟೇ ಅಲ್ವಾ?’

ಎಲ್ಲರಿಗೂ ನಮಸ್ಕಾರ. ಚಿಕ್ಕಮಗಳೂರಿನಲ್ಲಿ ಕೂತು ಫ್ರೀಲಾನ್ಸ್ ಆಗಿ ವೆಬ್‌ಸೈಟ್ ಮಾಡುವವರಿಗೆ ಹೋಂಸ್ಟೇ ಕೆಲಸ ಹೊಸದಲ್ಲ. ಮಾತಾದ ಕೆಲಸದ ಮೇಲೆ ಗಿರಾಕಿ ಇನ್ನೊಂದು ಕೇಳಿದಾಗ ಏನು ಉತ್ತರ ಕೊಡಬೇಕು ಅಂತ, ಅಂಥದ್ದೇ ಒಂದು ಉದಾಹರಣೆ ಇಟ್ಟುಕೊಂಡು ಮಾತಾಡುತ್ತೇನೆ.

ಮೂಡಿಗೆರೆ ಕಡೆಯ ಒಂದು ಹೋಂಸ್ಟೇ ಅಂದುಕೊಳ್ಳಿ. 5 ಪುಟ, 2 ಸಲ ತಿದ್ದುಪಡಿ, 30,000 ರೂಪಾಯಿ, ಅರ್ಧ ಅಡ್ವಾನ್ಸ್ ಅಂತ ಮಾತಾಗಿದೆ. ವಾಟ್ಸಾಪ್ ಗ್ರೂಪಿನಲ್ಲಿ ಮಾಲೀಕರು, ಅವರ ತಮ್ಮ, ಅಳಿಯ, ನೀವು. ಒಂದು ರಾತ್ರಿ ಅಳಿಯ ಬರೆಯುತ್ತಾರೆ: “ಒಂದು ಬುಕಿಂಗ್ ಬಟನ್ ಹಾಕ್ಬಿಡಿ. ಸಣ್ಣ ಕೆಲಸ ಅಲ್ವಾ?”

ಅವರು ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಅವರ ಕಣ್ಣಿಗೆ ಕಾಣುವುದು ಬಟನ್ ಮಾತ್ರ. ಹಿಂದೆ ಏನಿದೆ ಅಂತ ಹೇಳಬೇಕಾದವರು ನಾವು. ಪೇಮೆಂಟ್ ಗೇಟ್‌ವೇಗೆ ಮಾಲೀಕರ ಹೆಸರಿನಲ್ಲಿ ಖಾತೆ ಬೇಕು, ಪ್ಯಾನ್, ಬ್ಯಾಂಕ್ ವಿವರ ಕೊಟ್ಟು ಕೆವೈಸಿ ಆಗಬೇಕು. ಬುಕಿಂಗ್ ರದ್ದಾದರೆ ಹಣ ಹೇಗೆ ವಾಪಸ್ ಅಂತ ತಿಳಿಸುವ ಪುಟವೂ ಸೈಟಿನಲ್ಲಿರಬೇಕು. ಇದೆಲ್ಲಕ್ಕಿಂತ ಜಾಸ್ತಿ ಕೆಲಸ ಕ್ಯಾಲೆಂಡರಿನದು. ಅದೇ ರೂಮು ಬೇರೆ ಬುಕಿಂಗ್ ಸೈಟಿನಲ್ಲೂ ಇದ್ದು, ತಾರೀಖುಗಳು ಎರಡೂ ಕಡೆ ಹೊಂದದಿದ್ದರೆ, ಶನಿವಾರ ಒಂದೇ ರೂಮಿಗೆ ಎರಡು ಕುಟುಂಬ ಬಂದು ನಿಲ್ಲುತ್ತವೆ.

ಹಾಗಾಗಿ ಗ್ರೂಪಿನಲ್ಲೇ ಹೀಗೆ ಬರೆಯಿರಿ:

“ಸರ್, ಬುಕಿಂಗ್ ಇದ್ದರೆ ಅನುಕೂಲವೇ. ಆದರೆ ನಾವು ಮಾತಾಡಿಕೊಂಡ ಕೆಲಸದಲ್ಲಿ ಇದು ಇಲ್ಲ. ಸೇರಿಸಿದರೆ 18,000 ರೂಪಾಯಿ, ಇನ್ನೂ 10 ದಿನ ಆಗುತ್ತದೆ. ಸದ್ಯಕ್ಕೆ ಸಂಪರ್ಕ ಪುಟದಲ್ಲಿ ವಾಟ್ಸಾಪ್‌ಗೆ ಹೋಗುವ ಲಿಂಕ್ ಇರುತ್ತದೆ, ಅದಕ್ಕೆ ಬೇರೆ ದುಡ್ಡಿಲ್ಲ. ಯಜಮಾನರು ಇಲ್ಲಿ ಒಪ್ಪಿಗೆ ಹಾಕಿದರೆ ಶುರು ಮಾಡುತ್ತೇನೆ. ಅಲ್ಲಿವರೆಗೆ 5 ಪುಟದ ಕೆಲಸ ನಡೆಯುತ್ತಿರುತ್ತದೆ.”

ಇದರಲ್ಲಿ ‘ಆಗಲ್ಲ’ ಅನ್ನುವ ಮಾತೇ ಇಲ್ಲ, ನೋಡಿ. ದುಡ್ಡು, ದಿನ, ಯಾರು ಒಪ್ಪಬೇಕು, ಮೂರೂ ಇವೆ. ಅಳಿಯನಿಗೆ ಬೇರೆಯಾಗಿ ಫೋನ್ ಮಾಡಿದರೆ, ಉಳಿದವರು ನೀವು ಒಪ್ಪಿಕೊಂಡಿರಿ ಅಂತಲೇ ತಿಳಿಯುತ್ತಾರೆ. ‘ನೋಡಿದೆ’ ಅನ್ನುವುದಕ್ಕೆ ಸುಮ್ನೆ ಹೆಬ್ಬೆರಳಿನ ಗುರುತು ಹಾಕುವುದು ಇನ್ನೂ ಅಪಾಯ. ಓದುವವರಿಗೆ ಅದು ‘ಆಯ್ತು’ ಅಂತಲೇ ಅರ್ಥ.

ಮಾಲೀಕರು ಫೋನಿನಲ್ಲಿ ಒಪ್ಪಿದರೆ, “ಈಗ ಮಾತಾಡಿದ ಹಾಗೆ” ಅಂತ ಅದನ್ನು ಗ್ರೂಪಿಗೆ ಬರೆಯಿರಿ. ಮೊದಲ ಒಪ್ಪಂದ ಗ್ರೂಪಿನ ವಿವರಣೆಯಲ್ಲಿ ಇರಲಿ. ಪಿನ್ ಮಾಡಿದ ಮೆಸೇಜ್ 30 ದಿನಕ್ಕಿಂತ ಹೆಚ್ಚು ಮೇಲೆ ನಿಲ್ಲುವುದಿಲ್ಲ. ಮೆಸೇಜ್ ತಾನಾಗಿ ಅಳಿಸಿಹೋಗುವ ಸೆಟ್ಟಿಂಗ್ ಆನ್ ಆಗಿದೆಯಾ ಅಂತಲೂ ನೋಡಿಕೊಳ್ಳಿ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 10ಎ ಕಲಂ ಪ್ರಕಾರ, ಎಲೆಕ್ಟ್ರಾನಿಕ್ ರೂಪದಲ್ಲಿದೆ ಅನ್ನುವ ಒಂದೇ ಕಾರಣಕ್ಕೆ ಒಪ್ಪಂದ ಬಿದ್ದುಹೋಗುವುದಿಲ್ಲ.

ಆದರೆ ಬಂದದ್ದೆಲ್ಲ ಹೊಸ ಕೆಲಸ ಅಲ್ಲ. ಸಂಪರ್ಕ ಫಾರ್ಮ್ ತುಂಬಿದರೂ ಮೇಲ್ ಬರುತ್ತಿಲ್ಲ ಅಂದರೆ ಅದು ನಮ್ಮ ದೋಷ, ತಿದ್ದುಪಡಿಯ ಲೆಕ್ಕಕ್ಕೂ ಹಿಡಿಯಬಾರದು. ಇನ್ನು ‘ರೂಮುಗಳ ಪುಟ’ ಅಂತಷ್ಟೇ ಬರೆದು, ಫೋಟೋ ಎಷ್ಟು ಅಂತ ಬರೆದೇ ಇರುವುದಿಲ್ಲ. ಅವರು 40 ಫೋಟೋ ಕಳಿಸುತ್ತಾರೆ. ಆಗ ವಾದ ಬೇಡ, ಹಾಕಿಕೊಡಿ. ಮುಂದಿನ ಕೊಟೇಶನ್‌ನಲ್ಲಿ ರೂಮಿಗೆ ಇಷ್ಟು ಫೋಟೋ ಅಂತ ಮೊದಲೇ ಬರೆಯಿರಿ.