ಹಬ್ಬದ ಬೋನಸ್ ಪತ್ರದಲ್ಲಿ ಏನು ಬರೆಯಬೇಕು?

ಎಲ್ಲರಿಗೂ ನಮಸ್ಕಾರ. ಸಣ್ಣ ಕಾರ್ಖಾನೆ ನಡೆಸುವವರೇ ತುಂಬಿರುವ ಸಭೆ ಇದು. ಬೋನಸ್ ಯಾಕೆ ಕೊಡಬೇಕು ಅಂತ ನಾನು ಹೇಳಬೇಕಾಗಿಲ್ಲ. ಹಬ್ಬ ಹತ್ತಿರ ಬಂತು, ದುಡ್ಡು ಹೊಂದಿಸುವ ಚಿಂತೆ ನಿಮಗೂ ಇದೆ, ನನಗೂ ಇದೆ. ನಾನು ಮಾತಾಡುವುದು ದುಡ್ಡಿನ ಜೊತೆ ಕೊಡುವ ಆ ಒಂದು ಹಾಳೆಯ ಬಗ್ಗೆ.

ಕೆಲವು ವರ್ಷದ ಹಿಂದೆ ನಾನು ಬರೆದ ಪತ್ರ ಹೀಗಿತ್ತು: "ನಮ್ಮ ಸಂಸ್ಥೆ ಒಂದು ಕುಟುಂಬ. ನಿಮ್ಮ ಪರಿಶ್ರಮವನ್ನು ಮೆಚ್ಚಿ ಆಡಳಿತವು ಸಂತೋಷದಿಂದ 8.33 ಶೇಕಡಾ ಬೋನಸ್ ನೀಡುತ್ತಿದೆ." ಚೆನ್ನಾಗಿದೆ ಅಂದುಕೊಂಡೆ. ಮೇಲೆ ದೀಪದ ಚಿತ್ರ ಬೇರೆ ಹಾಕಿಸಿದ್ದೆ.

ಮರುದಿನ ಒಬ್ಬ ಆಪರೇಟರ್ ಪತ್ರ ಹಿಡಿದು ಬಂದರು. "ಸಾರ್, ನಾಲ್ಕು ಸಾವಿರ ಕಮ್ಮಿ ಬಂದಿದೆ" ಅಂದರು. ಅವರ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ ತಿಂಗಳಿಗೆ 18,000. ಹನ್ನೆರಡು ತಿಂಗಳಿಗೆ 2,16,000. ಅದರ 8.33 ಶೇಕಡಾ ಅಂದರೆ 17,993. ಮನೆಯಲ್ಲಿ ಮಗಳು ಲೆಕ್ಕ ಮಾಡಿಕೊಟ್ಟಿದ್ದಳಂತೆ. ಕವರಿನಲ್ಲಿ ಇದ್ದದ್ದು 13,994.

ಮಗಳ ಲೆಕ್ಕವೂ ಸರಿ, ನನ್ನ ಲೆಕ್ಕವೂ ಸರಿ. 2015ರ ತಿದ್ದುಪಡಿಯ ಪ್ರಕಾರ ಆಗ ಬೋನಸ್ ಲೆಕ್ಕಕ್ಕೆ ಹಿಡಿಯುತ್ತಿದ್ದದ್ದು ಪೂರ್ತಿ ಸಂಬಳವನ್ನಲ್ಲ. ತಿಂಗಳಿಗೆ 7,000 ಅಥವಾ ಆ ಕೆಲಸಕ್ಕೆ ಸರ್ಕಾರ ಗೊತ್ತು ಮಾಡಿದ ಕನಿಷ್ಠ ವೇತನ, ಇವೆರಡರಲ್ಲಿ ಹೆಚ್ಚಿನದ್ದು ಮಿತಿ; ಸಂಬಳ ಅದಕ್ಕಿಂತ ಜಾಸ್ತಿ ಇದ್ದರೆ ಆ ಮಿತಿಯನ್ನೇ ಹಿಡಿಯುತ್ತಿದ್ದರು. ನಮ್ಮ ಲೆಕ್ಕದಲ್ಲಿ ಅದು 14,000 ಆಗಿತ್ತು. ಸುಲಭವಾಗಲಿ ಅಂತ ದುಂಡಗಿನ ಅಂಕಿ ಹೇಳುತ್ತಿದ್ದೇನೆ. ಇದನ್ನು ಪತ್ರದಲ್ಲಿ ಎರಡು ಸಾಲು ಬರೆದಿದ್ದರೆ ಮುಗಿಯುತ್ತಿತ್ತು. ನಾನು ದೀಪದ ಚಿತ್ರಕ್ಕೆ ಜಾಗ ಕೊಟ್ಟೆ, ಲೆಕ್ಕಕ್ಕೆ ಕೊಡಲಿಲ್ಲ.

ಲೆಕ್ಕ ಬಿಡಿಸಿ ಹೇಳಿದೆ, ಒಪ್ಪಿದರು. ಹೋಗುವಾಗ ಬಾಗಿಲಲ್ಲಿ ನಿಂತು ಇನ್ನೊಂದು ಮಾತು ಕೇಳಿದರು. "ಸಾರ್, ಇದು ಕಾನೂನಿನ ಪ್ರಕಾರ ಬರಬೇಕಾದ ದುಡ್ಡು ಅಲ್ವಾ? ಸಂತೋಷದಿಂದ ಅಂತ ಬರೆದಿದ್ದೀರಲ್ಲ, ಸಂತೋಷ ಇಲ್ಲದಿದ್ದರೆ ಕೊಡ್ತಿರಲಿಲ್ವಾ?"

ನನಗೆ ಉತ್ತರ ಹೊಳೆಯಲಿಲ್ಲ. ಯಾಕೆಂದರೆ ಅವರು ಹೇಳಿದ್ದು ನಿಜ. 1965ರ ಬೋನಸ್ ಕಾಯ್ದೆಯಲ್ಲೇ, ಆಮೇಲಿನ ತಿದ್ದುಪಡಿ ಸೇರಿ, ಕನಿಷ್ಠ 8.33, ಗರಿಷ್ಠ 20 ಶೇಕಡಾ ಅಂತ ಇತ್ತು. 2019ರ ವೇತನ ಸಂಹಿತೆಯಲ್ಲೂ ಅವೇ ಅಂಕಿಗಳು. ನಷ್ಟವಾದ ವರ್ಷದಲ್ಲೂ ಕನಿಷ್ಠದಷ್ಟು ಕೊಡಬೇಕು. ಹೊಸ ಕಾರ್ಖಾನೆಗೆ ಮೊದಲ ಕೆಲವು ವರ್ಷ ಮಾತ್ರ ರಿಯಾಯಿತಿ. 8.33 ಎಲ್ಲಿಂದ ಬಂತು ಗೊತ್ತಲ್ಲ? ನೂರನ್ನು ಹನ್ನೆರಡರಿಂದ ಭಾಗಿಸಿ. ವರ್ಷಕ್ಕೆ ಒಂದು ತಿಂಗಳ ಸಂಬಳ, ಅಷ್ಟೇ. ಅದನ್ನು ನನ್ನ ದೊಡ್ಡ ಮನಸ್ಸು ಅಂತ ಬರೆದುಕೊಂಡಿದ್ದೆ ನಾನು. ಕರೆಂಟ್ ಬಿಲ್ ಕಟ್ಟುವಾಗ "ಸಂತೋಷದಿಂದ ಕಟ್ಟುತ್ತಿದ್ದೇನೆ" ಅಂತ ಯಾರಾದರೂ ಪತ್ರ ಬರೆಯುತ್ತೀರಾ?

ಅವತ್ತಿನಿಂದ ನನ್ನ ಪತ್ರದಲ್ಲಿ ದುಡ್ಡಿನ ಮಾತು ಬೇರೆ, ಮೆಚ್ಚುಗೆಯ ಮಾತು ಬೇರೆ. ಮೊದಲ ಭಾಗದಲ್ಲಿ ಕಾನೂನಿನ ಬೋನಸ್ ಇಷ್ಟು, ಲೆಕ್ಕ ಹೀಗೆ. ಅದರ ಮೇಲೆ ಏನಾದರೂ ಕೊಟ್ಟಿದ್ದರೆ, ಇದು ಬೇರೆ, ಇದು ಇಷ್ಟು ಅಂತ ಇನ್ನೊಂದು ಸಾಲು. ಆ ಎರಡನೇ ಸಾಲಿನಲ್ಲಿ ಬೇಕಾದರೆ ಸಂತೋಷಪಡಿ.

ಇಲ್ಲಿ ಒಂದು ಎಚ್ಚರ. ಲೆಕ್ಕಪತ್ರ ಮುಗಿಯುವ ಮೊದಲೇ ಹಬ್ಬ ಬರುತ್ತದೆ ಅಂತ ಕೆಲವರು ಸುಮ್ನೆ ಒಂದು ಮೊತ್ತ ಕೊಟ್ಟುಬಿಡುತ್ತೀರಿ. ರೂಢಿಯ ಹಬ್ಬದ ಬೋನಸ್ ಅಂತ ಕೊಟ್ಟಿದ್ದನ್ನು ಆ ವರ್ಷದ ಕಾನೂನಿನ ಬೋನಸ್‌ನಲ್ಲಿ ಕಳೆದುಕೊಳ್ಳಲು ಅವಕಾಶ ಇದೆ. ಆದರೆ ಪತ್ರದಲ್ಲಿ "ಹಬ್ಬದ ಉಡುಗೊರೆ" ಅಂತ ಬರೆದು, ಆಮೇಲೆ ಅದನ್ನೇ ಕಳೆದರೆ? ಉಡುಗೊರೆ ಕೊಟ್ಟು ಕಿತ್ತುಕೊಂಡ ಹಾಗೆ ಕಾಣುತ್ತದೆ. ಮುಂಗಡ ಆಗಿದ್ದರೆ ಮುಂಗಡ ಅಂತಲೇ ಬರೆಯಿರಿ.

ಇನ್ನು ಮೆಚ್ಚುಗೆಯ ಭಾಗ. ನನಗೆ ಕಷ್ಟವಾಗಿದ್ದು ಇದೇ. "ನಿಮ್ಮ ಪರಿಶ್ರಮ" ಅಂದರೆ ಯಾವ ಪರಿಶ್ರಮ? ಮುಂದಿನ ವರ್ಷ ಬರೆಯಲು ಕೂತಾಗ ನನಗೇ ಗೊತ್ತಿರಲಿಲ್ಲ. ಸೂಪರ್‌ವೈಸರನ್ನು ಕೇಳಿದೆ. "ಎಲ್ಲರೂ ಚೆನ್ನಾಗಿ ಕೆಲಸ ಮಾಡಿದ್ದಾರೆ ಸಾರ್" ಅಂದರು. ಅವರದ್ದೂ ನನ್ನದೇ ಪತ್ರ! ಕೊನೆಗೆ ರಿಜೆಕ್ಷನ್ ಪುಸ್ತಕ ತೆಗೆದೆ. ಒಂದು ತಿಂಗಳಲ್ಲಿ ಒಂದು ಲಾಟ್ ಮಧ್ಯಾಹ್ನ ಅರ್ಧಕ್ಕೆ ನಿಂತಿತ್ತು, ಕಾರಣ ಬರೆದಿರಲಿಲ್ಲ. ಕೆದಕಿ ಕೇಳಿದಾಗ ಕಥೆ ಹೊರಬಂತು.

ನಾವು ಮಾಡುವುದು ಉಕ್ಕಿನ ಬುಷ್. ಲೇತ್‌ನಲ್ಲಿ ಕಡಿದ ಮೇಲೆ ಅಂಚಿನಲ್ಲಿ ಸಣ್ಣ ಮುಳ್ಳಿನಂತೆ ಲೋಹ ಉಳಿಯುತ್ತದೆ, ಬರ್ ಅನ್ನುತ್ತೇವೆ. ಅದನ್ನು ಕೈಯಿಂದ ತೆಗೆಯುವ ಟೇಬಲ್‌ನಲ್ಲಿ ಒಬ್ಬ ಅಕ್ಕ ಕೂರುತ್ತಾರೆ. ಅವತ್ತು ಅವರು ಆಪರೇಟರ್ ಹತ್ತಿರ ಹೋಗಿ "ಬರ್ ದಪ್ಪ ಆಗ್ತಿದೆ, ಬೆರಳಿಗೆ ಚುಚ್ತಿದೆ" ಅಂದರು. ಆಪರೇಟರ್ ಗೇಜ್ ಹಾಕಿ ನೋಡಿದರು, ಅಳತೆ ಸರಿ ಇತ್ತು. "ಹೋಗಮ್ಮ, ಪಾಸ್ ಆಗ್ತಿದೆ" ಅಂದರು. ಅಕ್ಕ ಹೋದರು, ಇನ್ನೊಂದು ಹತ್ತು ಪೀಸ್ ತಂದು ಅವರ ಮುಂದೆ ಇಟ್ಟರು. ಬೇಜಾರಿನಿಂದಲೇ ಮೆಷಿನ್ ನಿಲ್ಲಿಸಿ ಇನ್‌ಸರ್ಟ್ ಬಿಚ್ಚಿದರೆ, ಅದರ ಮೂಲೆ ಸವೆದು ಸಣ್ಣದಾಗಿ ಚೂರು ಹೋಗಿತ್ತು. ಮೊನೆ ಮೊಂಡಾದಾಗ ಅದು ಕಡಿಯುವುದಕ್ಕಿಂತ ತಳ್ಳುವುದೇ ಜಾಸ್ತಿ, ಅದಕ್ಕೇ ಬರ್ ದಪ್ಪ. ಹಾಗೇ ಓಡಿಸಿದ್ದರೆ ಸಂಜೆಯೊಳಗೆ ಅಳತೆಯೂ ಜಾರುತ್ತಿತ್ತು. ಗೇಜ್ ಹೇಳುವ ಮೊದಲು ಅಕ್ಕನ ಬೆರಳು ಹೇಳಿತ್ತು. ಅದಕ್ಕೂ ಹಿಂದಿನ ವರ್ಷ ಇಂಥದ್ದೇ ತಪ್ಪಿಗೆ ಒಂದು ಇಡೀ ಲಾಟ್ ವಾಪಸ್ ಬಂದಿತ್ತು. ಆ ಲಾರಿ ಗೇಟಿನೊಳಗೆ ಬಂದ ದಿನ ನಾನು ಊಟ ಮಾಡಿರಲಿಲ್ಲ.

ಆ ವರ್ಷದ ಪತ್ರದಲ್ಲಿ ನಾನು ಬರೆದದ್ದು ಇಷ್ಟು, ಓದುತ್ತೇನೆ: "ಬರ್ ತೆಗೆಯುವ ಟೇಬಲ್‌ನಿಂದ ಬಂದ ಒಂದು ಮಾತಿನಿಂದ ಈ ವರ್ಷ ಒಂದು ಲಾಟ್ ಉಳಿಯಿತು. ಗೇಜ್ ಪಾಸ್ ಆದರೂ ಅವರು ಬಿಡಲಿಲ್ಲ. ಮೆಷಿನ್ ನಿಲ್ಲಿಸಿದ ಆಪರೇಟರ್‌ಗೂ ಧನ್ಯವಾದ. ಅನುಮಾನ ಬಂದಾಗ ಮೆಷಿನ್ ನಿಲ್ಲಿಸಿದ್ದಕ್ಕೆ ಇಲ್ಲಿ ಯಾರಿಗೂ ಬೈಗುಳ ಇಲ್ಲ."

ಹೆಸರು ಹಾಕಿಲ್ಲ, ಗಮನಿಸಿ. ಹಾಕಿದ್ದರೆ ಉಳಿದವರು "ನಾವೇನು ಸುಮ್ನೆ ಕೂತಿದ್ವಾ" ಅನ್ನುತ್ತಿದ್ದರು. ಕೆಲಸವನ್ನು ಹೇಳಿದರೆ ಸಾಕು, ಯಾರದ್ದು ಅಂತ ಶಾಪ್‌ನಲ್ಲಿ ಎಲ್ಲರಿಗೂ ಗೊತ್ತಿರುತ್ತದೆ. ಕೊನೆಯ ವಾಕ್ಯ ಬರೆಯಲು ಮಾತ್ರ ನನಗೆ ಎರಡು ದಿನ ಬೇಕಾಯಿತು. ಬರೆದ ಮೇಲೆ ಹಾಗೇ ನಡೆದುಕೊಳ್ಳಬೇಕಲ್ಲ. ಮುಂದಿನ ತಿಂಗಳು ಮೂರು ಸಲ ಮೆಷಿನ್ ನಿಂತಿತು, ಎರಡು ಸಲ ಕಾರಣವೇ ಇರಲಿಲ್ಲ. ಹಲ್ಲು ಕಚ್ಚಿಕೊಂಡು ಸುಮ್ಮನಿದ್ದೆ.

ಚೀಟಿ ಬಂತು, ಐದು ನಿಮಿಷ ಅಂತೆ. ಬೇಗ ಹೇಳಿಬಿಡುತ್ತೇನೆ. ಪತ್ರದಲ್ಲಿ ಮಾರುಕಟ್ಟೆ ಕಷ್ಟ ಅಂತ ಅಳಬೇಡಿ, ವಿಶೇಷವಾಗಿ ಹೊಸ ಕಾರು ಗೇಟಿನ ಹತ್ತಿರ ನಿಂತಿದ್ದರೆ. ರಜೆ ಹಾಕಿದವರಿಗೆ ಬುದ್ಧಿ ಹೇಳಲು ಇದು ಜಾಗ ಅಲ್ಲ. ವರ್ಷದ ಮಧ್ಯೆ ಸೇರಿದವರನ್ನು ಮರೆಯಬೇಡಿ, ಮೂವತ್ತು ದಿನ ಕೆಲಸ ಮಾಡಿದ್ದರೆ ಅವರಿಗೂ ಬೋನಸ್ ಇದೆ, ಅವರ ಲೆಕ್ಕದ ಸಾಲು ಬೇರೆ ಇರಲಿ. ಗುತ್ತಿಗೆಯವರ ವಿಷಯ ದೊಡ್ಡದು, ಇವತ್ತು ಆಗುವುದಿಲ್ಲ.

ಹಾಂ, ಆ ಅಕ್ಕ ಪತ್ರ ಓದಿ ಏನಂದರು ಅಂತ ಕೇಳುತ್ತಿದ್ದಾರೆ. ನನ್ನ ಹತ್ತಿರ ಏನೂ ಅನ್ನಲಿಲ್ಲ. ಟೇಬಲ್‌ಗೆ ಇನ್ನೊಂದು ಲೈಟ್ ಬೇಕು ಅಂತ ಸೂಪರ್‌ವೈಸರ್ ಕೈಲಿ ಹೇಳಿ ಕಳಿಸಿದರು. ಹಾಕಿಸಿದೆ.