ಐದೇ ಹ್ಯಾಶ್‌ಟ್ಯಾಗ್: ಯಾವುದು ಹಾಕೋದು, ಎಲ್ಲಿ ಹಾಕೋದು?

ನಮಸ್ಕಾರ. ಇವತ್ತು ಮೇಜಿನ ಮೇಲೆ ಇರುವುದು ಈ ನೋಟ್‌ಬುಕ್. ಎ5 ಅಳತೆ, ಕೈಯಲ್ಲೇ ಹೊಲಿದಿದ್ದು. ಬೆನ್ನಿನ ಕಡೆ ನೋಡಿ, ದಾರದ ಹೆಣಿಗೆ ಹೊರಗೇ ಕಾಣುತ್ತದೆ. ಇದಕ್ಕೆ ಕಾಪ್ಟಿಕ್ ಹೊಲಿಗೆ ಅಂತಾರೆ. ಯಾವ ಪುಟ ತೆರೆದರೂ ಚಪ್ಪಟೆಯಾಗಿ ಬಿಚ್ಚಿಕೊಳ್ಳುತ್ತದೆ, ಕೈಯಲ್ಲಿ ಒತ್ತಿ ಹಿಡಿಯಬೇಕಿಲ್ಲ. ಕಾಗದವೂ ಒಳ್ಳೆಯದು. ಫೌಂಟನ್ ಪೆನ್ನಲ್ಲಿ ಬರೆದರೆ ಶಾಯಿ ಹಿಂಬದಿಗೆ ಇಳಿಯುವುದಿಲ್ಲ.

ಈಗ ಇದರ ಫೋಟೋ ನನ್ನ ಇನ್‌ಸ್ಟಾಗ್ರಾಂ ಬಿಸಿನೆಸ್ ಖಾತೆಗೆ ಹೋಗಬೇಕು. ಫೋಟೋ ರೆಡಿ, ಕ್ಯಾಪ್ಶನ್ ರೆಡಿ. ಉಳಿದಿದ್ದು ಹ್ಯಾಶ್‌ಟ್ಯಾಗ್. ಒಂದೊಂದಾಗಿ ಆರಿಸುತ್ತಾ ಹೋಗೋಣ, ನೀವೂ ಜೊತೆಗೇ ನೋಡಿ.

ಹಿಂದೆ ಒಂದು ಪೋಸ್ಟಿಗೆ 30 ಟ್ಯಾಗ್ ತುಂಬುವ ರೂಢಿ ಇತ್ತು. ಆದರೆ 2021ರಲ್ಲೇ ಇನ್‌ಸ್ಟಾಗ್ರಾಂ ತನ್ನ ಕ್ರಿಯೇಟರ್ಸ್ ಖಾತೆಯಲ್ಲಿ, 3ರಿಂದ 5 ಸಾಕು ಅಂತ ಹೇಳಿತ್ತು. ನಾನು ಐದಕ್ಕೇ ನಿಲ್ಲುತ್ತೇನೆ. ಐದೇ ಜಾಗ ಅಂದಾಗ ಪ್ರತಿ ಟ್ಯಾಗ್‌ಗೂ ಒಂದು ಕೆಲಸ ಇರಬೇಕಾಗುತ್ತದೆ, ಅಲ್ವಾ? ಸುಮ್ನೆ ತುಂಬಿಸೋಕೆ ಜಾಗವೇ ಇಲ್ಲ.

ಮೊದಲು ದೊಡ್ಡ ಟ್ಯಾಗ್ ನೋಡೋಣ. ಹುಡುಕಾಟದಲ್ಲಿ #handmade ಅಂತ ಟೈಪ್ ಮಾಡಿದೆ. ಕೋಟಿಗಟ್ಟಲೆ ಪೋಸ್ಟ್ ಇವೆ. ತೆರೆದು ನೋಡಿದರೆ ಕಿವಿಯೋಲೆ, ಸಾಬೂನು, ಸ್ವೆಟರ್, ಗೊಂಬೆ. ನೋಟ್‌ಬುಕ್ ಹುಡುಕುವವರು ಇಲ್ಲಿಗೆ ಬರುವ ಸಾಧ್ಯತೆ ತುಂಬಾ ಕಡಿಮೆ. ಬಂದರೂ ನನ್ನ ಫೋಟೋ ಕಣ್ಣಿಗೆ ಬೀಳುವ ಮೊದಲೇ ಸಾವಿರ ಬೇರೆ ಫೋಟೋ ಬಂದಿರುತ್ತವೆ. ಹಾಗಾಗಿ ಇದನ್ನು ಬಿಟ್ಟೆ. ಅದರ ಬದಲು #stationery. ಇದೂ ದೊಡ್ಡದೇ. ಆದರೆ ಇಲ್ಲಿ ಪೆನ್ನು, ನೋಟ್‌ಬುಕ್, ಕಾಗದ ಬಿಟ್ಟರೆ ಬೇರೆ ಹೆಚ್ಚೇನೂ ಕಾಣುವುದಿಲ್ಲ. ದೊಡ್ಡ ಟ್ಯಾಗ್‌ನಿಂದ ನಾನು ಗಿರಾಕಿಗಳನ್ನು ನಿರೀಕ್ಷಿಸುವುದಿಲ್ಲ. ಈ ಪೋಸ್ಟ್ ಯಾವ ವಿಷಯದ್ದು ಅನ್ನುವುದನ್ನು ಅದು ಇನ್‌ಸ್ಟಾಗ್ರಾಂಗೆ ತಿಳಿಸಿದರೆ ಸಾಕು. ಅದಕ್ಕೆ ಇಂಥದ್ದು ಒಂದೇ.

ಮುಂದಿನದು ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ವಿಷಯ. #bookbinding ತೆರೆದಿದ್ದೇನೆ. ಮೊದಲ ನೋಟಕ್ಕೆ ಇದೇ ಸರಿಯಾದ ಜಾಗ ಅನ್ನಿಸುತ್ತದೆ. ಹೊಲಿಗೆ, ದಾರ, ಸೂಜಿ, ಅಂಟು, ಎಲ್ಲ ನಮ್ಮದೇ ಲೋಕ. ಈಗ ಒಂದೊಂದೇ ಪೋಸ್ಟ್ ತೆರೆದು, ಹಾಕಿದವರು ಯಾರು, ಕಾಮೆಂಟ್ ಮಾಡಿದವರು ಯಾರು ನೋಡಿ. ಹೆಚ್ಚಿನವರು ತಾವೇ ಪುಸ್ತಕ ಕಟ್ಟುವವರು. "ಯಾವ ದಾರ ಬಳಸಿದ್ದೀರಿ?", "ಮೇಣ ಹಚ್ಚಿದ್ದೀರಾ?" ಅಂತ ಕೇಳುತ್ತಾರೆ. ಒಳ್ಳೆಯ ಜನ, ಅವರ ಮಾತಿನಿಂದ ಕಲಿಯೋದೂ ಇದೆ. ಆದರೆ ಅವರಿಗೆ ನೋಟ್‌ಬುಕ್ ಬೇಕಾದರೆ ತಾವೇ ಹೊಲಿದುಕೊಳ್ಳುತ್ತಾರೆ. #copticstitch ಕೂಡ ಹಾಗೇ. ಇನ್ನೂ ಚಿಕ್ಕದು, ಇನ್ನೂ ನಿಖರ, ಆದರೆ ಆ ಹೊಲಿಗೆಯ ಹೆಸರು ಗೊತ್ತಿರುವವರಲ್ಲಿ ಹೊಲಿಯುವವರೇ ಜಾಸ್ತಿ.

ಅಂದರೆ ಚಿಕ್ಕ ಟ್ಯಾಗ್ ಆದ ಮಾತ್ರಕ್ಕೆ ಗಿರಾಕಿ ಸಿಗುವುದಿಲ್ಲ. ತಯಾರಿಸುವವರು ಹುಡುಕುವ ಪದ ಬೇರೆ, ಕೊಳ್ಳುವವರು ಹುಡುಕುವ ಪದ ಬೇರೆ. ಮಾರುವವರಾಗಿ ನಮ್ಮ ಬಾಯಿಗೆ ಮೊದಲು ಬರುವುದು ನಮ್ಮ ಕಸುಬಿನ ಪದಗಳು, ಅದಕ್ಕೇ ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು.

ಹಾಗಾದರೆ ಈ ನೋಟ್‌ಬುಕ್ ಕೊಳ್ಳುವವರು ಯಾರು? ಫೌಂಟನ್ ಪೆನ್ ಪ್ರಿಯರು. ಅವರಿಗೆ ಹೊಲಿಗೆಯ ಹೆಸರು ಬೇಕಿಲ್ಲ, ಶಾಯಿ ಹರಡದ ಕಾಗದ ಬೇಕು. #fountainpenfriendly ತೆರೆದೆ. ನೋಡಿ, ಶಾಯಿಯಲ್ಲಿ ಬರೆದ ಪುಟಗಳು, ಕಾಗದದ ಹತ್ತಿರದ ಫೋಟೋಗಳು. ನನ್ನ ಫೋಟೋ ಇವುಗಳ ಮಧ್ಯೆ ಕೂತರೆ ಹೊರಗಿನದು ಅನ್ನಿಸುವುದಿಲ್ಲ. ಇದು ಖಂಡಿತ ಬೇಕು. ಇನ್ನೊಂದು ಗುಂಪು ಚಿತ್ರ ಬಿಡಿಸುವವರು. ಎರಡು ಪುಟಕ್ಕೂ ಹರಡುವ ಚಿತ್ರಕ್ಕೆ ಚಪ್ಪಟೆಯಾಗಿ ಬಿಚ್ಚಿಕೊಳ್ಳುವ ಪುಸ್ತಕವೇ ಬೇಕು. ಅವರಿಗಾಗಿ #layflatnotebook.

ಮಧ್ಯಮ ಗಾತ್ರದ್ದು ಒಂದು: #handmadejournal. ಇಲ್ಲಿ ಮಾರುವವರೂ ಇದ್ದಾರೆ, ಉಡುಗೊರೆ ಹುಡುಕುವವರೂ ಇದ್ದಾರೆ. ಬರೀ #journal ಹಾಕಿದರೆ ಡೈರಿ ಪುಟಗಳ ಅಲಂಕಾರ, ಸ್ಟಿಕ್ಕರ್, ದಿನಚರಿ ಬರಹ ಎಲ್ಲ ಸೇರಿಕೊಳ್ಳುತ್ತವೆ. ಐದನೆಯದಾಗಿ #bookbinding ಉಳಿಸಿಕೊಂಡೆ. ಈ ಫೋಟೋದಲ್ಲಿ ಹೊಲಿಗೆಯೇ ಎದ್ದು ಕಾಣುತ್ತಿದೆ, ಅದಕ್ಕೆ. ಬರೀ ಕಾಗದದ ಫೋಟೋ ಆಗಿದ್ದರೆ ಇದನ್ನೂ ತೆಗೆಯುತ್ತಿದ್ದೆ.

ಟ್ಯಾಗ್ ಪುಟ ತೆರೆದಾಗ ಇನ್ನೆರಡು ವಿಷಯ ನೋಡಿಕೊಳ್ಳಿ. ಅಲ್ಲಿನ ಪೋಸ್ಟ್‌ಗಳು ತೀರಾ ಹಳೆಯವಾಗಿದ್ದರೆ ಆ ಟ್ಯಾಗ್ ಈಗ ಯಾರೂ ಬಳಸುತ್ತಿಲ್ಲ ಅಂತ ಅರ್ಥ. ಪೋಸ್ಟ್‌ಗಳನ್ನು ಮರೆಮಾಡಲಾಗಿದೆ ಅನ್ನುವ ಸೂಚನೆ ಕಂಡರೆ ಅದನ್ನು ಮುಟ್ಟಲೇಬೇಡಿ.

ಈಗ ಎಲ್ಲಿ ಹಾಕೋದು? ಕ್ಯಾಪ್ಶನ್‌ನಲ್ಲೋ, ಮೊದಲ ಕಾಮೆಂಟ್‌ನಲ್ಲೋ? ಕಾಮೆಂಟ್‌ನಲ್ಲಿ ಹಾಕಿದರೆ ನೋಡೋಕೆ ಚೆನ್ನ ಅಂತ ತುಂಬಾ ಜನ ಹಾಗೆ ಮಾಡುತ್ತಾರೆ. ಆದರೆ ಹುಡುಕಾಟದಲ್ಲಿ ಸಿಗಬೇಕಾದರೆ ಟ್ಯಾಗ್‌ಗಳು ಕ್ಯಾಪ್ಶನ್‌ನಲ್ಲೇ ಇರಲಿ ಅಂತ ಇನ್‌ಸ್ಟಾಗ್ರಾಂನದೇ ಸಲಹೆ. 30 ಟ್ಯಾಗ್ ಇದ್ದಾಗ ಅಡಗಿಸಬೇಕು ಅನ್ನಿಸೋದು ಸಹಜ. ಐದಕ್ಕೆ ಆ ಅಗತ್ಯವೇ ಬರುವುದಿಲ್ಲ.

ಕ್ಯಾಪ್ಶನ್‌ನಲ್ಲೂ ಜಾಗ ಮುಖ್ಯ. ಫೀಡ್‌ನಲ್ಲಿ ಮೊದಲ ಒಂದೆರಡು ಸಾಲು ಮಾತ್ರ ಕಾಣುತ್ತದೆ, ಉಳಿದದ್ದು more ಒತ್ತಿದ ಮೇಲೆ. ಆ ಸಾಲುಗಳನ್ನು ಟ್ಯಾಗ್‌ಗೆ ಕೊಟ್ಟರೆ ಹೇಳಬೇಕಾದ ಮಾತು ಒಳಗೆ ಹೋಗಿಬಿಡುತ್ತದೆ. ನನ್ನ ಮೊದಲ ಸಾಲು ಹೀಗಿದೆ: "ಫೌಂಟನ್ ಪೆನ್ನಲ್ಲಿ ಎರಡೂ ಬದಿ ಬರೆಯಬಹುದಾದ ನೋಟ್‌ಬುಕ್." ಆಮೇಲೆ ಅಳತೆ, ಪುಟಗಳ ಸಂಖ್ಯೆ, ತರಿಸಿಕೊಳ್ಳುವುದು ಹೇಗೆ. ಕೊನೆಗೆ ಒಂದು ಸಾಲು ಬಿಟ್ಟು ಟ್ಯಾಗ್‌ಗಳು:

```
#FountainPenFriendly #LayFlatNotebook
#HandmadeJournal #Bookbinding #Stationery
```

ಪದಗಳ ಮೊದಲ ಅಕ್ಷರ ದೊಡ್ಡದು ಮಾಡಿದ್ದೇನೆ ನೋಡಿ. ಹುಡುಕಾಟಕ್ಕೆ ಇದರಿಂದ ವ್ಯತ್ಯಾಸವಿಲ್ಲ. ಆದರೆ ಕಣ್ಣಿಗೂ ಓದಲು ಸುಲಭ, ದೃಷ್ಟಿದೋಷ ಇರುವವರು ಬಳಸುವ ಸ್ಕ್ರೀನ್ ರೀಡರ್‌ಗೂ ಪದ ಬಿಡಿಸಿ ಓದಲು ಸುಲಭ. ವಾಕ್ಯದ ಮಧ್ಯೆ ಟ್ಯಾಗ್ ತೂರಿಸುವುದನ್ನು ನಾನು ಮಾಡುವುದಿಲ್ಲ. ಓದುತ್ತಿರುವವರು ಅದನ್ನು ಒತ್ತಿದರೆ ನನ್ನ ಪೋಸ್ಟ್ ಬಿಟ್ಟು ಬೇರೆಯವರ ಫೋಟೋಗಳ ಕಡೆ ಹೋಗಿಬಿಡುತ್ತಾರೆ.

ಟ್ಯಾಗ್‌ನಿಂದ ಎಷ್ಟು ಆಸೆ ಇಟ್ಟುಕೊಳ್ಳಬಹುದು ಅನ್ನುವುದನ್ನೂ ಹೇಳಬೇಕು. ಹ್ಯಾಶ್‌ಟ್ಯಾಗ್ ರೀಚ್ ಅನ್ನು ಹೇಳಿಕೊಳ್ಳುವಷ್ಟು ಹೆಚ್ಚಿಸುವುದಿಲ್ಲ ಅಂತ ಇನ್‌ಸ್ಟಾಗ್ರಾಂ ಮುಖ್ಯಸ್ಥ ಆಡಮ್ ಮೊಸ್ಸೇರಿಯೇ ಹೇಳಿದ್ದಾರೆ. ಹ್ಯಾಶ್‌ಟ್ಯಾಗ್ ಫಾಲೋ ಮಾಡುವ ಸೌಲಭ್ಯವನ್ನೂ 2024ರ ಕೊನೆಯಲ್ಲಿ ತೆಗೆದರು. ಹಾಗಾಗಿ "ಫೌಂಟನ್ ಪೆನ್", "ನೋಟ್‌ಬುಕ್" ಅನ್ನುವ ಪದಗಳು ಕ್ಯಾಪ್ಶನ್‌ನ ಮಾತಿನಲ್ಲೂ ಇರಬೇಕು. ಹುಡುಕಾಟ ಆ ಪದಗಳನ್ನೂ ನೋಡುತ್ತದೆ.

ಪೋಸ್ಟ್ ಹಾಕಿ ಒಂದು ವಾರ ಆದಮೇಲೆ ಇನ್‌ಸೈಟ್ಸ್ ತೆರೆದು, ಫಾಲೋ ಮಾಡದವರು ಎಷ್ಟು ಜನ ನೋಡಿದ್ದಾರೆ, ಪ್ರೊಫೈಲ್‌ವರೆಗೆ ಬಂದವರು ಎಷ್ಟು ಅಂತ ನೋಡುತ್ತೇನೆ. ಅದಕ್ಕಿಂತ ಹೆಚ್ಚು ತಿಳಿಯುವುದು ಲೈಕ್ ಮಾಡಿದವರ ಪಟ್ಟಿಯಿಂದ. ಹತ್ತಿಪ್ಪತ್ತು ಹೆಸರು ತೆರೆದು ನೋಡಿ. ಬರೀ ಪುಸ್ತಕ ಕಟ್ಟುವವರೇ ಇದ್ದರೆ ಕಸುಬಿನ ಟ್ಯಾಗ್ ಜಾಸ್ತಿ ಆಗಿದೆ. "ನಮ್ಮ ಪೇಜ್‌ಗೆ ಕಳಿಸಿ, ಪ್ರಮೋಟ್ ಮಾಡುತ್ತೇವೆ" ಅನ್ನುವ ಕಾಮೆಂಟ್‌ಗಳು ಸಾಲುಗಟ್ಟಿದ್ದರೆ ದೊಡ್ಡ ಟ್ಯಾಗ್ ಮೇಲೆ ಅನುಮಾನ ಪಡಿ. "ಶಾಯಿ ಒಣಗೋಕೆ ಎಷ್ಟು ಹೊತ್ತು ಬೇಕು?" ಅಂತ ಯಾರಾದರೂ ಕೇಳಿದ್ದರೆ ಪೆನ್ ಪ್ರಿಯರಿಗೆ ಪೋಸ್ಟ್ ತಲುಪಿದೆ. ಮುಂದಿನ ನೋಟ್‌ಬುಕ್‌ಗೆ ಐದರಲ್ಲಿ ಒಂದನ್ನು ಮಾತ್ರ ಬದಲಿಸಿ, ನಾಲ್ಕನ್ನು ಹಾಗೇ ಬಿಡಿ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ವ್ಯತ್ಯಾಸ ಆಯಿತು ಅಂತ ಊಹಿಸೋಕೂ ಆಗುವುದಿಲ್ಲ.